ತಪ್ಪು ಉತ್ತರದಲ್ಲಿ ಕಾಣುವ ಹಂತ: ಪಿಯಾಜೆ ಮತ್ತು ನಮ್ಮ ತರಗತಿ
ಕ್ಲಸ್ಟರ್ ಸಮಾಲೋಚನಾ ಸಭೆ, 1ರಿಂದ 7ನೇ ತರಗತಿ ಶಿಕ್ಷಕರಿಗೆ

ಸ್ಲೈಡ್ 1: ಎಲ್ಲಿಂದ ಶುರುವಾಯಿತು?
- ಜೀನ್ ಪಿಯಾಜೆ (1896–1980), ಸ್ವಿಟ್ಜರ್ಲೆಂಡ್
- ಪ್ಯಾರಿಸ್‌ನಲ್ಲಿ ಮಕ್ಕಳ ಬುದ್ಧಿ ಪರೀಕ್ಷೆಗಳ ಕೆಲಸ
- ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಾರೆ

*ವಿವರಣೆ:* ನಾಲ್ಕು ಹಂತಗಳ ಹೆಸರು, ವಯಸ್ಸು ಟಿಇಟಿ ಬರೆದ ಎಲ್ಲರಿಗೂ ಬಾಯಿಪಾಠ. ಇಂದು ಆ ಪಟ್ಟಿ ಒಪ್ಪಿಸುವುದು ಬೇಡ. ಮಗು ಕೊಟ್ಟ ತಪ್ಪು ಉತ್ತರ ನೋಡಿ, ಅದು ಹೇಗೆ ಯೋಚಿಸಿರಬಹುದು ಎಂದು ಹುಡುಕೋಣ.

ಸ್ಲೈಡ್ 2: ಸಂವೇದನಾ ಗಾಮಕ ಹಂತ (0–2 ವರ್ಷ)
- ನೋಡಿ, ಮುಟ್ಟಿ, ಬಾಯಿಗಿಟ್ಟು ಕಲಿಕೆ
- ಬಟ್ಟೆಯಡಿ ಮುಚ್ಚಿಟ್ಟ ಆಟಿಕೆ ಅಲ್ಲೇ ಇದೆ ಎಂಬ ಅರಿವು ಸುಮಾರು 8 ತಿಂಗಳಿಂದ

*ವಿವರಣೆ:* ನಮ್ಮಲ್ಲಿಗೆ ಬರುವ ಮಗು ಇದನ್ನು ದಾಟಿರುತ್ತದೆ. ಮುಂದಕ್ಕೆ ಹೋಗೋಣ.

ಸ್ಲೈಡ್ 3: ಕಾರ್ಯಪೂರ್ವ ಹಂತ (2–7 ವರ್ಷ)
- ಕೋಲು ಕುದುರೆಯಾಗುತ್ತದೆ: ಸಂಕೇತ ಬಳಸುವ ಶಕ್ತಿ
- ಒಮ್ಮೆಗೆ ಒಂದೇ ಲಕ್ಷಣದ ಮೇಲೆ ಗಮನ
- ಇನ್ನೊಬ್ಬರು ನಿಂತ ಕಡೆಯಿಂದ ನೋಡುವುದು ಕಷ್ಟ

*ಮಾಡಿ ತೋರಿಸಿ:* ಆರಾರು ಹುಣಸೆ ಬೀಜಗಳ ಎರಡು ಸಾಲು. "ಎರಡೂ ಸಮ" ಎಂದು ಮಗು ಒಪ್ಪುತ್ತದೆ. ಒಂದು ಸಾಲನ್ನು ಅಗಲಿಸಿ ಕೇಳಿ. "ಇದರಲ್ಲಿ ಜಾಸ್ತಿ" ಎನ್ನುತ್ತದೆ.

*ತರಗತಿಯಲ್ಲಿ:* ಈ ಮಗುವಿಗೆ ಎಣಿಕೆ ಬರುತ್ತದೆ. ಸಾಲಿನ ಉದ್ದಕ್ಕೂ ಸಂಖ್ಯೆಗೂ ಸಂಬಂಧವಿಲ್ಲ ಎಂಬುದು ಇನ್ನೂ ಗಟ್ಟಿಯಾಗಿಲ್ಲ. ಒಂದಕ್ಕೊಂದು ಜೋಡಿಸುವ ಆಟ ಹೆಚ್ಚಿಸಿ. ಬೀಜ ಸರಿಸುವ ಕೈ ಮಗುವಿನದೇ ಆಗಲಿ. ಚಟುವಟಿಕೆ ಕಾರ್ಡಿನಲ್ಲಿ ಮುಂದಿನ ಮೈಲಿಗಲ್ಲಿಗೆ ಹೋಗಲು ಅವಸರಿಸಬೇಡಿ.

ಇನ್ನೊಂದು, ನಾವೇ ತಂದಿಡುವ ಗೊಂದಲ. ಮಕ್ಕಳಿಗೆ ಎದುರಾಗಿ ನಿಂತು ನಮ್ಮ ಬಲಗೈ ಎತ್ತಿ "ಬಲಗೈ ಎತ್ತಿ" ಎನ್ನುತ್ತೇವೆ. ಕನ್ನಡಿಯಲ್ಲಿ ಕಂಡಂತೆ ಅವರು ಎಡಗೈ ಎತ್ತುತ್ತಾರೆ, ಬೈಸಿಕೊಳ್ಳುತ್ತಾರೆ. ಅವರಿಗೆ ಬೆನ್ನು ಮಾಡಿ ನಿಂತು ತೋರಿಸಿದರೆ ಸಾಕು.

ಸ್ಲೈಡ್ 4: ಕೇಳುವ ರೀತಿಯೂ ಉತ್ತರ ಬದಲಿಸುತ್ತದೆ
- 1974: ಮ್ಯಾಕ್‌ಗ್ಯಾರಿಗಲ್ ಮತ್ತು ಡೊನಾಲ್ಡ್‌ಸನ್
- ತುಂಟ ಕರಡಿಗೊಂಬೆ ಸಾಲು ಕೆಡಿಸಿದಾಗ ಸರಿ ಉತ್ತರ ಕೊಟ್ಟ ಮಕ್ಕಳೇ ಹೆಚ್ಚು

*ವಿವರಣೆ:* ದೊಡ್ಡವರು ಬೇಕೆಂದೇ ಸಾಲು ಬದಲಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, "ಮೊದಲು ಹೇಳಿದ್ದು ತಪ್ಪಿರಬೇಕು" ಎಂದು ಮಗು ಊಹಿಸಬಹುದು. ನಾವು "ಹೌದಾ? ಇನ್ನೊಮ್ಮೆ ಯೋಚನೆ ಮಾಡು" ಎಂದಾಗ ಸರಿ ಹೇಳಿದವರೂ ಉತ್ತರ ಬದಲಿಸುವುದು ಇದಕ್ಕೇ. ಸರಿ ಉತ್ತರಕ್ಕೂ ತಪ್ಪು ಉತ್ತರಕ್ಕೂ ಒಂದೇ ದನಿಯಲ್ಲಿ "ಹೇಗೆ ಗೊತ್ತಾಯ್ತು?" ಎಂದು ಕೇಳಿ. ಪಿಯಾಜೆ ಕೊಟ್ಟ ವಯಸ್ಸುಗಳನ್ನು ಗೆರೆ ಎಳೆದಂತೆ ನಂಬಬಾರದು ಎನ್ನಲೂ ಈ ಪ್ರಯೋಗ ಒಂದು ಕಾರಣ.

ಸ್ಲೈಡ್ 5: ಮೂರ್ತ ಕಾರ್ಯಗಳ ಹಂತ (7–11 ವರ್ಷ)
- ಅಗಲ ಲೋಟದ ನೀರು ಎತ್ತರದ ಲೋಟಕ್ಕೆ ಸುರಿದರೂ ಅಷ್ಟೇ
- ಹಿಂದಕ್ಕೆ ಯೋಚಿಸಬಲ್ಲದು: 8 + 5 = 13, ಆದ್ದರಿಂದ 13 – 5 = 8
- ವರ್ಗೀಕರಣ, ಕ್ರಮವಾಗಿ ಜೋಡಿಸುವುದು

*ತರಗತಿಯಲ್ಲಿ:* ತರ್ಕ ಬಂದಿದೆ, ಆದರೆ ಕಣ್ಣೆದುರು ವಸ್ತು ಇರಬೇಕು. "1/3ಕ್ಕಿಂತ 1/4 ದೊಡ್ಡದು, ಏಕೆಂದರೆ 4 ದೊಡ್ಡದು" ಎನ್ನುವ ನಾಲ್ಕನೇ ತರಗತಿಯ ಮಗುವಿಗೆ ನಿಯಮ ಬರೆಸಿದರೆ ಪ್ರಯೋಜನವಿಲ್ಲ. ಒಂದೇ ಅಳತೆಯ ಎರಡು ಕಾಗದದ ರೊಟ್ಟಿ ಕೊಟ್ಟು, ಒಂದನ್ನು ಮೂವರಿಗೆ, ಇನ್ನೊಂದನ್ನು ನಾಲ್ವರಿಗೆ ಸಮನಾಗಿ ಹಂಚಲು ಹೇಳಿ. ಯಾರ ಪಾಲು ಚಿಕ್ಕದು ಎಂಬ ಜಗಳ ಅವರೇ ಬಗೆಹರಿಸಿಕೊಳ್ಳಲಿ. ಗಣಿತ ಕಿಟ್ ಬೀರುವಿನಲ್ಲಿ ಬೀಗ ಹಾಕಿಕೊಂಡು ಸುರಕ್ಷಿತವಾಗಿದ್ದರೆ ಈ ಹಂತಕ್ಕೆ ಅನ್ಯಾಯವಾಗುತ್ತದೆ.

ಸ್ಲೈಡ್ 6: ಔಪಚಾರಿಕ ಕಾರ್ಯಗಳ ಹಂತ (11 ವರ್ಷದ ನಂತರ)
- "ಹೀಗಾದರೆ ಏನಾಗುತ್ತದೆ?" ಎಂಬ ಊಹೆ, ಅದರ ಪರೀಕ್ಷೆ
- ಅಮೂರ್ತ ಚಿಂತನೆ: ಬೀಜಗಣಿತ, ನ್ಯಾಯ, ಹಕ್ಕು

*ತರಗತಿಯಲ್ಲಿ:* ದಾರಕ್ಕೆ ಕಲ್ಲು ಕಟ್ಟಿ ತೂಗಿಸಿ. ಒಂದು ತೂಗಾಟಕ್ಕೆ ಹಿಡಿಯುವ ಸಮಯ ಯಾವುದರಿಂದ ಬದಲಾಗುತ್ತದೆ: ದಾರದ ಉದ್ದವೋ, ಕಲ್ಲಿನ ತೂಕವೋ, ತಳ್ಳಿದ ಬಲವೋ? ಹಲವರು ಎರಡನ್ನು ಒಟ್ಟಿಗೆ ಬದಲಿಸಿ ಏನೋ ಒಂದು ಹೇಳುತ್ತಾರೆ. ಒಂದನ್ನು ಮಾತ್ರ ಬದಲಿಸಿ ಉಳಿದವನ್ನು ಹಾಗೇ ಇಡುವ ಗುಂಪು ಈ ಹಂತಕ್ಕೆ ಕಾಲಿಟ್ಟಿದೆ. ಉತ್ತರ ದಾರದ ಉದ್ದ, ಮೊದಲೇ ಹೇಳಿಬಿಡಬೇಡಿ.

ಏಳನೇ ತರಗತಿಗೆ ಬಂದವರೆಲ್ಲ ಇಲ್ಲಿಗೆ ತಲುಪಿರುವುದಿಲ್ಲ. 1972ರಲ್ಲಿ ಪಿಯಾಜೆಯವರೇ, ಇದು 15ರಿಂದ 20ರ ವಯಸ್ಸಿನವರೆಗೂ ಹೋಗಬಹುದು, ಆಸಕ್ತಿಯ ಕ್ಷೇತ್ರಕ್ಕೆ ತಕ್ಕಂತೆ ಬದಲಾಗಬಹುದು ಎಂದು ತಮ್ಮ ಮಾತನ್ನು ಸಡಿಲಿಸಿದರು. x ಬರೆಯುವ ಮುನ್ನ ತಕ್ಕಡಿ ತೋರಿಸಿ.

ಸ್ಲೈಡ್ 7: ಮುಂದಿನ ಸಭೆಗೆ ತರಬೇಕಾದದ್ದು
- ನಿಮ್ಮ ತರಗತಿಯ ಮೂರು ತಪ್ಪು ಉತ್ತರಗಳು, ಮಗುವಿನ ಮಾತಿನಲ್ಲೇ
- "ಹೇಗೆ ಗೊತ್ತಾಯ್ತು?" ಎಂದಾಗ ಬಂದ ವಿವರಣೆ
- ಮಗುವಿನ ಹೆಸರು ಬೇಡ. ತರಗತಿ, ವಯಸ್ಸು ಸಾಕು