ಇವತ್ತಿನಿಂದ ನಮ್ಮೂರು ಪಟ್ಟಣ ಪಂಚಾಯಿತಿ: ಅಧ್ಯಕ್ಷೆಯ ಮಾತು

ಹಿರಿಯರೇ, ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಎಲ್ಲರಿಗೂ ನಮಸ್ಕಾರ.

ಬೆಳಗ್ಗೆ ಕಚೇರಿ ಮುಂದೆ ಪೇಂಟರ್ ಹುಡುಗ ಕೇಳಿದ: "ಅಕ್ಕಾ, ಗ್ರಾಮ ಅನ್ನೋದನ್ನ ಅಳಿಸಿ ಪಟ್ಟಣ ಅಂತ ಬರೆದರೆ ಸಾಕಲ್ವಾ?" ಬೋರ್ಡಿಗೆ ಅಷ್ಟು ಸಾಕಪ್ಪ. ನಮಗೆ ಸಾಲದು. ಅದಕ್ಕೇ ಹಾರ ತುರಾಯಿಗೆ ಮುಂಚೆ ನಾಲ್ಕು ಮಾತು ಹೇಳಿಬಿಡುತ್ತೇನೆ.

ಮೊದಲು ಯಾಕೆ ಬದಲಾದೆವು ಅಂತ. ಜನಸಂಖ್ಯೆ 10,000 ದಾಟಬೇಕು, ದುಡಿಯುವವರಲ್ಲಿ ಅರ್ಧದಷ್ಟು ಜನ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು ಅನ್ನುವುದು ಕಾನೂನು. ಬಸ್‌ಸ್ಟ್ಯಾಂಡ್ ಸುತ್ತ ನೋಡಿ. ಗ್ಯಾರೇಜು, ಹೋಟೆಲ್ಲು, ಟೊಮೆಟೊ ಬಾಕ್ಸ್ ಅಂಗಡಿ. ಬೆಳಗಿನ ಬಸ್ಸಿನಲ್ಲಿ ನರಸಾಪುರ, ವೇಮಗಲ್ ಫ್ಯಾಕ್ಟರಿಗೆ ಹೋಗುವ ಮಕ್ಕಳು. ಊರು ಯಾವತ್ತೋ ಪಟ್ಟಣ ಆಗಿತ್ತು, ಕಾಗದಕ್ಕೆ ಈಗ ಗೊತ್ತಾಯಿತು.

ಇನ್ನು ಮೇಲೆ ಪಿಡಿಒ ಇರುವುದಿಲ್ಲ, ಮುಖ್ಯಾಧಿಕಾರಿ ಇರುತ್ತಾರೆ. ಚುನಾವಣೆ ಆಗುವವರೆಗೆ ಸರ್ಕಾರದ ಆಡಳಿತಾಧಿಕಾರಿ ನೋಡಿಕೊಳ್ಳುತ್ತಾರೆ. ಆಮೇಲೆ ವಾರ್ಡಿಗೊಬ್ಬ ಸದಸ್ಯ. ಇಷ್ಟು ದಿನ ನಾವು ಆಟೊ, ತೆಂಗಿನಕಾಯಿ, ಹೊಲಿಗೆ ಮಿಷನ್ ಗುರುತಿನ ಮೇಲೆ ನಿಲ್ಲುತ್ತಿದ್ದೆವು. ಇನ್ನು ಪಕ್ಷದ ಚಿಹ್ನೆ ನೇರವಾಗಿ ಬರುತ್ತದೆ. ಹಿಂಬಾಗಿಲಿನಲ್ಲಿ ಬರುತ್ತಿದ್ದ ಪಕ್ಷ ಮುಂಬಾಗಿಲಿನಲ್ಲಿ ಬರುತ್ತದೆ ಅಷ್ಟೆ, ನಗಬೇಡಿ! ತಾಲ್ಲೂಕು ಪಂಚಾಯಿತಿಗೂ ಜಿಲ್ಲಾ ಪಂಚಾಯಿತಿಗೂ ನಾವು ಇನ್ನು ಓಟು ಹಾಕುವುದಿಲ್ಲ.

ಈಗ ತೆರಿಗೆ. ಎಲ್ಲರೂ ಕಾಯುತ್ತಿರುವುದು ಇದಕ್ಕೇ ಅಂತ ಗೊತ್ತು. ಜಾಸ್ತಿ ಆಗುತ್ತದೆ. ಆಗುವುದಿಲ್ಲ ಅಂತ ಯಾರಾದರೂ ಹೇಳಿದರೆ ಅವರು ಓಟಿಗೆ ನಿಲ್ಲುವವರು ಅಂತ ತಿಳಿಯಿರಿ. ಮನೆ, ಅಂಗಡಿ, ಖಾಲಿ ಸೈಟು ಎಲ್ಲಕ್ಕೂ ಮಾರ್ಗಸೂಚಿ ಬೆಲೆ ನೋಡಿ ಲೆಕ್ಕ ಹಾಕುತ್ತಾರೆ. ಏಪ್ರಿಲ್‌ನಲ್ಲೇ ಕಟ್ಟಿದರೆ ಶೇ 5ರಷ್ಟು ಬಿಡುತ್ತಾರೆ, ಆ ತಿಂಗಳು ಮರೆಯಬೇಡಿ. ಹೊಲದ ಪಹಣಿ ಮೊದಲಿನ ಹಾಗೇ ಕಂದಾಯ ಇಲಾಖೆಯಲ್ಲೇ ಇರುತ್ತದೆ. ರೇಷನ್ ಕಾರ್ಡ್, ಪಿಂಚಣಿಗೂ ಗಾಬರಿ ಬೇಡ. ಅವು ನಮ್ಮ ಕಚೇರಿಯದಲ್ಲ, ಹಾಗೇ ನಡೆಯುತ್ತವೆ.

ಮನೆ ಖಾತೆ ಮಾತ್ರ ಇ-ಸ್ವತ್ತಿನಿಂದ ಇ-ಆಸ್ತಿಗೆ ಹೋಗುತ್ತದೆ. ನಮೂನೆ 9, 11 ಇರುವವರು ಜೋಪಾನ ಮಾಡಿಟ್ಟುಕೊಳ್ಳಿ. ತಾತನ ಹೆಸರಿನಲ್ಲೇ ಖಾತೆ ಬಿಟ್ಟು ಮೂವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಭಾಗ ಮಾಡಿಕೊಂಡಿರುವ ಮನೆಗಳು ಈ ಊರಲ್ಲಿ ಎಷ್ಟಿವೆ ಅಂತ ನನಗೆ ಗೊತ್ತು, ನಮ್ಮದೂ ಒಂದು. ಮೊದಲು ಅದನ್ನು ಸರಿ ಮಾಡಿಸಿ. ಮನೆ ಕಟ್ಟಲು ಪರವಾನಗಿ ಬೇಕು. ಅಂಗಡಿಗೂ ಲೈಸೆನ್ಸ್ ಬೇಕು.

ಕಳೆದುಕೊಳ್ಳುವುದನ್ನೂ ಮುಚ್ಚಿಡುವುದಿಲ್ಲ. ಉದ್ಯೋಗ ಖಾತ್ರಿ ಕೂಲಿ ಹಳ್ಳಿಗಳಿಗೆ ಮಾತ್ರ. ಕೆರೆ ಹೂಳು ಎತ್ತಲು ಬರುತ್ತಿದ್ದ ಅಕ್ಕಂದಿರಿಗೆ ಇದು ದೊಡ್ಡ ಪೆಟ್ಟು. ನಮ್ಮ ಜೊತೆ ಸೇರಿಸಿದ ಕೆರೆ ಆಚೆಯ ಎರಡು ಹಳ್ಳಿಯವರು "ನಮ್ಮಲ್ಲಿ ಯಾವ ಪಟ್ಟಣ ಕಾಣಿಸಿತು ನಿಮಗೆ?" ಅಂತ ಜಗಳ ಮಾಡಿದರು. ಅವರ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಕ್ಕಳ ವಿಷಯವೂ ಇದೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿರಬೇಕು. ಇನ್ನು ಇಲ್ಲಿ ಒಂದನೇ ತರಗತಿಗೆ ಸೇರುವ ಮಗುವಿಗೆ ಆ ಅನುಕೂಲ ಇಲ್ಲ.

ಗ್ರಾಮಸಭೆಯೂ ಇನ್ನಿಲ್ಲ. ಆರು ತಿಂಗಳಿಗೊಮ್ಮೆ ಅರಳಿಕಟ್ಟೆ ಹತ್ತಿರ ನನ್ನನ್ನು ನಿಲ್ಲಿಸಿ ಲೆಕ್ಕ ಕೇಳುತ್ತಿದ್ದಿರಿ. ಎಷ್ಟೋ ಸಲ ಮನೆಗೆ ಹೋಗಿ ಅತ್ತಿದ್ದೇನೆ. ಈಗ ಅದೇ ನೆನಪಾಗುತ್ತಿದೆ. ಸಾಮಾನ್ಯ ಸಭೆಯಲ್ಲಿ ಮಾತಾಡುವವರು ಸದಸ್ಯರು. ನಿಮ್ಮ ವಾರ್ಡಿನವರನ್ನು ಬೀದಿಯಲ್ಲೇ ಹಿಡಿದು ಕೇಳಬೇಕು.

ಸಿಗುವುದೇನು? ಪೌರಕಾರ್ಮಿಕರು, ಕಸದ ಗಾಡಿ, ಚರಂಡಿಗೆ, ರಸ್ತೆಗೆ ನಗರ ಯೋಜನೆಗಳ ಹಣ. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಿ. ತಿಪ್ಪೆ ರಸ್ತೆಗೆ ಬಂದರೆ ದಂಡ ಬೀಳುತ್ತದೆ. ನೀರಿನ ಮಾತು ಮಾತ್ರ ನಾನು ಕೊಡಲಾರೆ. ಸಾವಿರ ಅಡಿ ಕೊರೆದರೂ ಧೂಳು ಬಂದ ಬೋರ್‌ವೆಲ್‌ಗಳನ್ನು ನೋಡಿದ್ದೇನೆ. ಕೆ.ಸಿ. ವ್ಯಾಲಿಯಿಂದ ಬರುವುದು ಬೆಂಗಳೂರಿನ ಕೊಳಚೆ ಸಂಸ್ಕರಿಸಿದ ನೀರು. ಅದು ಕೆರೆ ತುಂಬಿಸಿ ಅಂತರ್ಜಲ ಏರಿಸಲು, ನಲ್ಲಿಗಲ್ಲ. ಬೋರ್ಡು ಬದಲಾದ ಕೂಡಲೇ ನಲ್ಲಿಯಲ್ಲಿ ನೀರು ಬರುವುದಿಲ್ಲ.

ನಾಳೆ ಸೋಮವಾರದಿಂದ 15 ದಿನ ಕಚೇರಿ ಪಡಸಾಲೆಯಲ್ಲಿ ಟೇಬಲ್ ಹಾಕಿರುತ್ತೇವೆ. ಖಾತೆ ಕಾಗದ, ಹಳೆ ತೆರಿಗೆ ರಸೀದಿ, ಆಧಾರ್ ತನ್ನಿ. ಬರೆಯಲು ಬಾರದವರಿಗೆ ಬರೆದುಕೊಡಲು ಇಬ್ಬರು ಹುಡುಗಿಯರು ಇರುತ್ತಾರೆ. ದುಡ್ಡು ಕೇಳಿದರೆ ಕೊಡಬೇಡಿ, ನನಗೆ ಹೇಳಿ. ಅಧ್ಯಕ್ಷೆ ಅಲ್ಲದಿದ್ದರೂ ನಮ್ಮ ಮನೆ ಅಲ್ಲೇ ಇದೆ, ಹಾಲಿನ ಡೈರಿ ಪಕ್ಕ.

ನಮಸ್ಕಾರ. ಆ ಕಡೆ ಮುದ್ದೆ ಬಿಸಿ ಇದೆ, ಉಪ್ಪುಸಾರು ಇದೆ, ಊಟ ಮಾಡಿಕೊಂಡೇ ಹೋಗಿ.