ತಿಂಗಳ ಕೊನೆಯ ವರದಿ: ಕೈಕೆಲಸ ಬಿಟ್ಟು ತಾನಾಗೇ ಆಗುವಂತೆ ಮಾಡುವ ಯೋಜನೆ (ನವೆಂಬರ್ 2025 – ಮೇ 2026)

ಪಾಲುದಾರರಿಬ್ಬರಿಗೆ ಮತ್ತು ಆಫೀಸಿನ ಎಲ್ಲರಿಗೆ,

ನಮ್ಮ ದಾವಣಗೆರೆ ಆಫೀಸಿನಿಂದ ಪ್ರತಿ ತಿಂಗಳು 42 ಕ್ಲೈಂಟ್‌ಗಳಿಗೆ ವರದಿ ಹೋಗುತ್ತದೆ. ಒಂದಕ್ಕೆ ಸುಮಾರು ಎರಡೂವರೆ ಗಂಟೆ ಅಂದರೂ 105 ಗಂಟೆ. ಅದೂ 7ಕ್ಕೆ ಟಿಡಿಎಸ್ ಕಟ್ಟುವ, 11ಕ್ಕೆ ಜಿಎಸ್‌ಟಿಆರ್-1 ಹಾಕುವ ದಿನಗಳಲ್ಲೇ. ಟ್ಯಾಲಿಯಿಂದ ತೆಗೆಯೋದು, ಹಳೇ ಎಕ್ಸೆಲ್ ಮೇಲೆ ಪೇಸ್ಟ್ ಮಾಡೋದು, ಮೊತ್ತ ತಾಳೆ ನೋಡೋದು. ಆಗಸ್ಟ್‌ನಲ್ಲಿ ಒಂದು ಅಕ್ಕಿ ಗಿರಣಿಯ ವರದಿಯಲ್ಲಿ ಹಿಂದಿನ ತಿಂಗಳ ಬಾಕಿ ಪಟ್ಟಿ ಹಾಗೇ ಉಳಿದುಬಿಟ್ಟಿತ್ತು. ಗಿರಣಿಯವರು ಹಣ ಕೊಟ್ಟವರಿಗೇ ಮತ್ತೆ ಫೋನ್ ಮಾಡಿದರು. ತಪ್ಪು ಯಾರೊಬ್ಬರದೂ ಅಲ್ಲ. ರಾತ್ರಿ ಒಂಬತ್ತಕ್ಕೆ ಇಪ್ಪತ್ತನೇ ಫೈಲ್ ಮಾಡುವಾಗ ಯಾರಿಗಾದರೂ ಕಣ್ತಪ್ಪುತ್ತದೆ.

ಹೊಸ ಸಾಫ್ಟ್‌ವೇರ್ ಕೊಳ್ಳೋದು ಬೇಡ. ಟ್ಯಾಲಿ ಇದೆ, ಎಕ್ಸೆಲ್‌ನಲ್ಲಿ ಪವರ್ ಕ್ವೆರಿ ಇದೆ. ಸೆಪ್ಟೆಂಬರ್, ಅಕ್ಟೋಬರ್ ಆಡಿಟ್ ಕೆಲಸ ಮುಗಿಯುವವರೆಗೆ ಇದನ್ನು ಮುಟ್ಟಬಾರದು ಅಂತ ಕಾದಿದ್ದೆ. ಈಗ ಶುರು ಮಾಡೋಣ.

ಮೊದಲ ಹಂತ, ನವೆಂಬರ್: ಲೆಡ್ಜರ್ ಹೆಸರುಗಳು

ಇಡೀ ಯೋಜನೆ ನಿಂತಿರೋದು ಇದರ ಮೇಲೆ. ಒಂದು ಕಡೆ 'ಪೆಟ್ರೋಲ್', ಇನ್ನೊಂದು ಕಡೆ 'ವಾಹನ ಖರ್ಚು', ಮತ್ತೊಂದು ಕಡೆ 'ಕನ್ವೇಯನ್ಸ್'. ನಮಗೆ ಮೂರೂ ಒಂದೇ ಅಂತ ಗೊತ್ತು, ಕಂಪ್ಯೂಟರ್‌ಗೆ ಗೊತ್ತಿಲ್ಲ. ಹಾಗಾಗಿ ಒಂದು ಹೊಂದಿಕೆ ಪಟ್ಟಿ ಮಾಡೋಣ. ಎಡಗಡೆ ಕ್ಲೈಂಟ್‌ನ ಲೆಡ್ಜರ್, ಬಲಗಡೆ ನಮ್ಮ ವರದಿಯ ಸಾಲು. ಕ್ಲೈಂಟ್‌ಗಳ ಟ್ಯಾಲಿಯಲ್ಲಿ ಹೆಸರು ಬದಲಿಸೋದು ಬೇಡ. ಅದು ಅವರ ಪುಸ್ತಕ.

ಈ ಪಟ್ಟಿಯನ್ನು ಈಗ ವರದಿ ಮಾಡುತ್ತಿರುವ ಇಬ್ಬರೇ ಮಾಡಬೇಕು. ಯಾವ ಅಂಗಡಿಯ 'ಸಸ್ಪೆನ್ಸ್'ನಲ್ಲಿ ನಿಜವಾಗಿ ಏನಿದೆ ಅನ್ನೋದು ಅವರ ತಲೆಯಲ್ಲಿ ಮಾತ್ರ ಇದೆ. ಇದಕ್ಕಾಗಿ ಅವರಿಗೆ ದಿನಾ ಮಧ್ಯಾಹ್ನ ಎರಡು ಗಂಟೆ ಬಿಡುವು ಕೊಡಬೇಕು ಅಂತ ಪಾಲುದಾರರನ್ನು ಕೇಳುತ್ತೇನೆ.

ಎರಡನೇ ಹಂತ, ಡಿಸೆಂಬರ್ ಮತ್ತು ಜನವರಿ: ಐದೇ ಕ್ಲೈಂಟ್

ಡಿಸೆಂಬರ್ 31ಕ್ಕೆ ಜಿಎಸ್‌ಟಿಆರ್-9 ಇದೆ, ಅದಕ್ಕೇ ಐದು. ಎರಡು ಬಟ್ಟೆ ಅಂಗಡಿ, ಎರಡು ಹಾರ್ಡ್‌ವೇರ್, ಒಂದು ಔಷಧಿ ಅಂಗಡಿ. ಪ್ರತಿ ಕ್ಲೈಂಟ್‌ನ ಟ್ರಯಲ್ ಬ್ಯಾಲೆನ್ಸ್ ಮತ್ತು ಬಾಕಿ ಪಟ್ಟಿಯನ್ನು ತಿಂಗಳ ಫೋಲ್ಡರ್‌ಗೆ ಹಾಕೋದು. ಹೆಸರು ಹೀಗೇ ಇರಬೇಕು:

```
C014_TB_2025-11.xlsx
C014_OS_2025-11.xlsx
```

ಆಮೇಲೆ `Refresh All` ಒತ್ತಿದರೆ ವರದಿ ತುಂಬಿಕೊಳ್ಳುತ್ತದೆ. ಒಂದು ಎಚ್ಚರ: ಟ್ಯಾಲಿಯಿಂದ ಬರುವ ಎಕ್ಸೆಲ್‌ನಲ್ಲಿ ಒಂದೇ ಕಾಲಂನಲ್ಲಿ ಬಾಕಿ ಇದ್ದರೆ, ಡೆಬಿಟ್ಟೋ ಕ್ರೆಡಿಟ್ಟೋ ಅನ್ನೋದು ಸೆಲ್‌ನ ಫಾರ್ಮ್ಯಾಟ್‌ನಲ್ಲಿರುತ್ತದೆ, ಸಂಖ್ಯೆಯಲ್ಲಿ ಇರೋದಿಲ್ಲ. ಪವರ್ ಕ್ವೆರಿ ಒಳಗೆ ಅದು ಮಾಯ. ಅದಕ್ಕೆ ಡೆಬಿಟ್, ಕ್ರೆಡಿಟ್ ಬೇರೆ ಬೇರೆ ಕಾಲಂ ಇರುವ ಟ್ರಯಲ್ ಬ್ಯಾಲೆನ್ಸನ್ನೇ ತೆಗೆಯಬೇಕು. ಮೊದಲ ಪುಟದ ಈ ಸೆಲ್ ಸೊನ್ನೆ ತೋರಿಸದಿದ್ದರೆ ವರದಿ ಹೊರಗೆ ಹೋಗಬಾರದು:

```
=ROUND(SUM(TB[Debit])-SUM(TB[Credit]),2)
```

ಹೊಂದಿಕೆ ಪಟ್ಟಿಯಲ್ಲಿಲ್ಲದ ಹೊಸ ಲೆಡ್ಜರ್ ಬಂದರೆ ಕೆಂಪು ಬಣ್ಣದಲ್ಲಿ ಮೇಲೆ ಕಾಣಬೇಕು. ಅದನ್ನು ಸುಮ್ನೆ 'ಇತರೆ ಖರ್ಚು'ಗೆ ತಳ್ಳಬಾರದು.

ಈ ಎರಡು ತಿಂಗಳು ಕೈಯಿಂದಲೂ ವರದಿ ಮಾಡೋಣ. ಕೆಲಸ ಜಾಸ್ತಿ ಆಗುತ್ತದೆ, ಗೊತ್ತು. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡದೆ ಕ್ಲೈಂಟ್‌ಗೆ ಕಳಿಸುವ ಧೈರ್ಯ ನನಗಿಲ್ಲ. ಎರಡು ತಿಂಗಳೂ ರೂಪಾಯಿಗೆ ರೂಪಾಯಿ ತಾಳೆಯಾದ ಕ್ಲೈಂಟ್‌ಗೆ ಮಾತ್ರ ಕೈ ವರದಿ ನಿಲ್ಲುತ್ತದೆ.

ಮೂರನೇ ಹಂತ, ಫೆಬ್ರವರಿ: ಇನ್ನೂ 20 ಕ್ಲೈಂಟ್

ಎಲ್ಲರೂ ವ್ಯಾಪಾರಿಗಳೇ, ಅದೇ ನಮೂನೆ ಸಾಕು. ಇವರಿಗೂ ಮೊದಲ ತಿಂಗಳು ಎರಡೂ ವರದಿ ಇರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಹೊಸಬರನ್ನು ಸೇರಿಸೋದಿಲ್ಲ.

ನಾಲ್ಕನೇ ಹಂತ, ಮೇ: ಉಳಿದ 17

ಇವರಲ್ಲಿ ಗಿರಣಿಯವರು, ಅಡಿಕೆ ವ್ಯಾಪಾರಿಗಳು, ಗುತ್ತಿಗೆದಾರರು ಇದ್ದಾರೆ. ಗಿರಣಿ ಮತ್ತು ಅಡಿಕೆಯವರ ದಾಸ್ತಾನು ಟ್ಯಾಲಿಯಲ್ಲಿಲ್ಲ, ಮುಕ್ತಾಯದ ದಾಸ್ತಾನನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳುತ್ತೇವೆ. ಆ ಅಂಕಿ ಬರದಿದ್ದರೆ ಲಾಭದ ಅಂಕಿಗೆ ಅರ್ಥವಿಲ್ಲ. ಹಾಗಾಗಿ ದಾಸ್ತಾನು ಬರುವವರೆಗೆ ಅವರ ವರದಿಯಲ್ಲಿ ಲಾಭದ ಸಾಲು ಖಾಲಿ ಇರಲಿ, ಬಾಕಿ ಪಟ್ಟಿ ಮಾತ್ರ ಹೋಗಲಿ. ಮೂರ್ನಾಲ್ಕು ಗುತ್ತಿಗೆದಾರರ ವರದಿ ಕೊನೆಗೂ ಕೈಯಲ್ಲೇ ಉಳಿಯಬಹುದು. ಉಳಿಯಲಿ.

ಖರೀದಿ ತೆರಿಗೆ ತಾಳೆ ಈ ಯೋಜನೆಯಲ್ಲಿಲ್ಲ. ಜಿಎಸ್‌ಟಿಆರ್-2ಬಿ ಬರೋದೇ 14ಕ್ಕೆ. ಅದು ಈಗಿನಂತೆ ಬೇರೆಯಾಗೇ ನಡೆಯಲಿ.

ಯಾರು ಏನು ಮಾಡಬೇಕು

ಪವರ್ ಕ್ವೆರಿ ಕೆಲಸ ನನ್ನದು. ನಾನು ರಜೆಯಲ್ಲಿದ್ದರೂ ನಿಲ್ಲಬಾರದು, ಅದಕ್ಕೆ ಜನವರಿಯೊಳಗೆ ಇನ್ನೊಬ್ಬರಿಗೆ ಕಲಿಸುತ್ತೇನೆ. ಫೋಲ್ಡರ್‌ನ ಒಂದು ಪ್ರತಿ ಪ್ರತಿ ಶುಕ್ರವಾರ ಹೊರಗಿನ ಹಾರ್ಡ್ ಡಿಸ್ಕ್‌ಗೆ ಹೋಗುತ್ತದೆ.

ವರದಿ ಮಾಡುತ್ತಿದ್ದ ಇಬ್ಬರಿಗೂ ಒಂದು ಮಾತು. ಇದರಿಂದ ಯಾರ ಕೆಲಸವೂ ಹೋಗೋದಿಲ್ಲ, ಪಾಲುದಾರರು ಒಪ್ಪಿದ್ದಾರೆ. ಇನ್ಮುಂದೆ ನೀವು ವರದಿ ಓದುವವರು. ಬಾಕಿ 90 ದಿನ ದಾಟಿದ್ದು ಯಾಕೆ, ಸಾಗಾಣಿಕೆ ಖರ್ಚು ಏಕಾಏಕಿ ಏರಿದ್ದು ಯಾಕೆ ಅಂತ ಕ್ಲೈಂಟ್‌ಗೆ ಫೋನ್ ಮಾಡಿ ಕೇಳುವವರು. ಆ ಫೋನ್ ಮಾಡೋಕೆ ನಮಗೆ ಇಷ್ಟು ವರ್ಷ ಪುರುಸೊತ್ತೇ ಸಿಕ್ಕಿಲ್ಲ ಅಲ್ವಾ?

ಹೊಂದಿಕೆ ಪಟ್ಟಿಯ ಮೊದಲ ಕರಡು ಸೋಮವಾರ, ನವೆಂಬರ್ 10ಕ್ಕೆ ನನ್ನ ಕೈ ಸೇರಲಿ. ಎರಡನೇ ಹಂತದ ಐದು ಅಂಗಡಿಗಳಿಂದ ಶುರು ಮಾಡಿ.