ಕೆಲಸದ ಸ್ಥಳದ ಸುರಕ್ಷತೆ, ಪ್ರಥಮ ಚಿಕಿತ್ಸೆ: ‘ಎಲ್ಲಕ್ಕಿಂತ ಮೊದಲು ಏನು?’ ಅಭ್ಯಾಸ ಪ್ರಶ್ನೆಗಳು, ಉತ್ತರ ಸಮೇತ

ಸೂಚನೆ: ಪ್ರತಿ ಪ್ರಶ್ನೆಗೂ ಒಂದೇ ಉತ್ತರ. ಕೊಟ್ಟಿರುವ ಆಯ್ಕೆಗಳಲ್ಲಿ ಎರಡು ಮೂರು ಮಾಡಲೇಬೇಕಾದ ಕೆಲಸಗಳೇ ಇರಬಹುದು. ಯಾವುದು ಸರಿ ಎಂದಲ್ಲ, ಯಾವುದು ಮೊದಲು ಎಂದು ನೋಡಿ ಗುರುತು ಹಾಕಿ.

1. ಪಾಂಡವಪುರದ ಬಳಿಯ ಆಲೆಮನೆ. ಗಾಣಕ್ಕೆ ಕಬ್ಬು ಕೊಡುತ್ತಿದ್ದವನ ಬೆರಳು ರೋಲರಿಗೆ ಸಿಕ್ಕಿಕೊಂಡಿದೆ, ಮೋಟರ್ ಓಡುತ್ತಲೇ ಇದೆ. ಮೊದಲು?
ಅ) ಕೈ ಹಿಡಿದು ಹಿಂದಕ್ಕೆ ಎಳೆಯುವುದು
ಆ) ಸ್ಟಾರ್ಟರ್ ಆಫ್ ಮಾಡುವುದು
ಇ) 108ಕ್ಕೆ ಫೋನ್ ಮಾಡುವುದು
ಈ) ರಕ್ತ ನಿಲ್ಲಿಸಲು ಬಟ್ಟೆ ಒತ್ತುವುದು

ಉತ್ತರ: ಆ. ರೋಲರ್ ತಿರುಗುತ್ತಿರುವಷ್ಟು ಹೊತ್ತೂ ಕೈ ಒಳಕ್ಕೆ ಹೋಗುತ್ತಲೇ ಇರುತ್ತದೆ. ಎಳೆಯಲು ಹೋದರೆ ಚರ್ಮ, ಸ್ನಾಯು ಕಿತ್ತು ಬರುತ್ತವೆ. ಎಳೆಯುವವರ ಕೈಯೂ ಸಿಕ್ಕಿಕೊಳ್ಳಬಹುದು. ಆಫ್ ಮಾಡಿದ ಮೇಲೆ ಮೇನ್ ಸ್ವಿಚ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ಗಾಬರಿಯಲ್ಲಿ ಯಾರೋ ಮತ್ತೆ ಚಾಲೂ ಮಾಡಿಬಿಡುವ ಅಪಾಯ ನಿಜಕ್ಕೂ ಇದೆ. ಮೋಟರನ್ನೇ ಉಲ್ಟಾ ಓಡಿಸಿ ಕೈ ಬಿಡಿಸಬೇಡಿ. ಬೋಲ್ಟ್ ಸಡಿಲಿಸಿ ರೋಲರ್ ಅಗಲ ಮಾಡಿ. ಬೆರಳು ತುಂಡಾಗಿದ್ದರೆ ತೇವ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಯಲ್ಲೇ ಕಳಿಸಿ. ಬೆರಳಿಗೆ ಐಸ್ ನೇರವಾಗಿ ತಾಗಬಾರದು.

2. ಸಕ್ಕರೆ ಕಾರ್ಖಾನೆಯ ತ್ಯಾಜ್ಯ ನೀರಿನ ಗುಂಡಿಗೆ ಇಳಿದವನು ಒಳಗೇ ಕುಸಿದಿದ್ದಾನೆ. ಮೇಲಿಂದ ಕೂಗಿದರೆ ಉತ್ತರವಿಲ್ಲ. ಮೊದಲು?
ಅ) ಮೂಗಿಗೆ ಒದ್ದೆ ಕರ್ಚೀಫ್ ಕಟ್ಟಿಕೊಂಡು ಇಳಿಯುವುದು
ಆ) ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವುದು
ಇ) ಯಾರೂ ಇಳಿಯದಂತೆ ತಡೆದು ಅಲಾರಂ ಒತ್ತಿ, ಉಸಿರಾಟದ ಉಪಕರಣವಿರುವ ರಕ್ಷಣಾ ತಂಡವನ್ನು ಕರೆಸುವುದು
ಈ) ಉಸಿರಾಡುತ್ತಿದ್ದಾನೆಯೇ ಎಂದು ಹತ್ತಿರ ಹೋಗಿ ನೋಡುವುದು

ಉತ್ತರ: ಇ. ಹೆಚ್ಚು ಜನ ತಪ್ಪುವ ಪ್ರಶ್ನೆ ಇದೇ, ಏಕೆಂದರೆ ಕಣ್ಣೆದುರು ಬಿದ್ದವನನ್ನು ನೋಡುತ್ತ ನಿಲ್ಲಲು ಮನಸ್ಸು ಒಪ್ಪುವುದಿಲ್ಲ. ಆದರೆ ಇಂಥ ಗುಂಡಿಯಲ್ಲಿ ಒಬ್ಬನ ಹಿಂದೆ ಒಬ್ಬರು ಇಳಿದು ಎಲ್ಲರೂ ಸಾಯುವುದು ಹೀಗೇ. ಕೊಳೆತ ಕೆಸರಿನಿಂದ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕಡಿಮೆ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ. ಸುಮಾರು 100 ಪಿಪಿಎಂ ದಾಟಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ಹಾಗಾಗಿ ‘ವಾಸನೆ ಇಲ್ಲ, ಇಳಿಯಬಹುದು’ ಎಂಬ ಲೆಕ್ಕ ಪ್ರಾಣ ತೆಗೆಯುತ್ತದೆ. ಆಮ್ಲಜನಕವೂ ಕಡಿಮೆ ಇರಬಹುದು. ಕರ್ಚೀಫ್ ಗ್ಯಾಸನ್ನೂ ತಡೆಯುವುದಿಲ್ಲ, ಆಮ್ಲಜನಕವನ್ನೂ ಕೊಡುವುದಿಲ್ಲ. ಒಳಗಿರುವವನ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿದ್ದರೆ ಮೇಲಿಂದಲೇ ಎಳೆಯಿರಿ. ತಂಡ ಬರುವವರೆಗೆ ಬ್ಲೋವರ್‌ನಿಂದ ಹೊರಗಿನ ಗಾಳಿ ಒಳಕ್ಕೆ ಹಾಯಿಸಿ.

3. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್. ಗ್ರೈಂಡಿಂಗ್ ಮೆಷಿನ್ ಕೈಯಲ್ಲಿ ಹಿಡಿದೇ ಒಬ್ಬ ಬಿದ್ದಿದ್ದಾನೆ, ವೈರಿನ ಇನ್ಸುಲೇಷನ್ ಹರಿದಿದೆ, ನೆಲ ಒದ್ದೆ. ಮೊದಲು?
ಅ) ಭುಜ ತಟ್ಟಿ ಕೂಗುವುದು
ಆ) ಎದೆ ಒತ್ತುವುದು
ಇ) ಮೇನ್ ಸ್ವಿಚ್ ಆಫ್ ಮಾಡುವುದು
ಈ) 108ಕ್ಕೆ ಫೋನ್

ಉತ್ತರ: ಇ. ವೈರ್ ಮತ್ತು ಒದ್ದೆ ನೆಲದ ವಿವರ ಇಲ್ಲದಿದ್ದರೆ ಉತ್ತರ ‘ಅ’ ಆಗುತ್ತಿತ್ತು. ಅದಕ್ಕೇ ಪ್ರಶ್ನೆಯನ್ನು ಪೂರ್ತಿ ಓದಬೇಕು. ಕರೆಂಟ್ ಹೋಗಿದೆ ಎಂದು ಖಾತ್ರಿಯಾದ ಮೇಲೆ ಭುಜ ತಟ್ಟಿ ಕೂಗಿ. ಎಚ್ಚರವಿಲ್ಲದೆ ಉಸಿರಾಟವೂ ಸಹಜವಾಗಿಲ್ಲದಿದ್ದರೆ ಒಬ್ಬರು 108ಕ್ಕೆ ಕರೆ ಮಾಡಲಿ, ಇನ್ನೊಬ್ಬರು ಎದೆಯ ನಡುಭಾಗವನ್ನು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಲಿ. ತರಬೇತಿ ಪಡೆದವರು 30 ಒತ್ತಿಗೆ 2 ಉಸಿರು ಕೊಡಬೇಕು. ಒಂದೊಂದು ಒತ್ತಿನ ನಂತರವೂ ಎದೆ ಪೂರ್ತಿ ಮೇಲೇಳಲು ಬಿಡಿ; ಮೈಭಾರ ಅಲ್ಲೇ ಊರಿದರೆ ಹೃದಯಕ್ಕೆ ರಕ್ತ ತುಂಬುವುದಿಲ್ಲ.

4. ನಂಜನಗೂಡಿನ ಡೈಯಿಂಗ್ ಘಟಕದಲ್ಲಿ ಕಾಸ್ಟಿಕ್ ಸೋಡಾ ದ್ರಾವಣ ಕಣ್ಣಿಗೆ ಸಿಡಿದಿದೆ. ಮೊದಲು?
ಅ) ವಿನೆಗರ್ ಹಾಕಿ ತಟಸ್ಥ ಮಾಡುವುದು
ಆ) ಆಸ್ಪತ್ರೆಗೆ ಓಡುವುದು
ಇ) ಕಣ್ಣು ಮುಚ್ಚಿ ಬ್ಯಾಂಡೇಜ್ ಕಟ್ಟುವುದು
ಈ) ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ತೊಳೆಯುವುದು

ಉತ್ತರ: ಈ. ಕನಿಷ್ಠ 20 ನಿಮಿಷ, ದಾರಿಯಲ್ಲೂ ನಿಲ್ಲಿಸಬೇಡಿ. ಕ್ಷಾರವು ಆಮ್ಲಕ್ಕಿಂತ ಆಳಕ್ಕೆ ಇಳಿಯುತ್ತದೆ. ಸಿಡಿದ ಕಣ್ಣು ಕೆಳಗಿರುವಂತೆ ತಲೆ ವಾಲಿಸಿ, ಇಲ್ಲದಿದ್ದರೆ ತೊಳೆದ ನೀರು ಇನ್ನೊಂದು ಕಣ್ಣಿಗೆ ಹರಿಯುತ್ತದೆ.

5. ಕೊಪ್ಪರಿಗೆಯ ಕುದಿಯುವ ಬೆಲ್ಲದ ಪಾಕ ಮೊಣಕೈಗೆ ಚೆಲ್ಲಿದೆ. ಆತನನ್ನು ಒಲೆಯಿಂದ ದೂರ ಕರೆತಂದಾಯಿತು. ಮುಂದೆ ಮೊದಲು?
ಅ) ಟೂತ್‌ಪೇಸ್ಟ್ ಹಚ್ಚುವುದು
ಆ) ಅಂಟಿದ ಪಾಕ ಕೀಳುವುದು
ಇ) ತಣ್ಣೀರು ಹರಿಸುವುದು
ಈ) ಐಸ್ ಇಡುವುದು

ಉತ್ತರ: ಇ, 20 ನಿಮಿಷ. ಪಾಕ ಅಂಟಿಕೊಂಡು ಸುಡುತ್ತಲೇ ಇರುತ್ತದೆ, ನೀರು ಬಿದ್ದಂತೆ ತಣಿದು ಕರಗುತ್ತದೆ. ಊತ ಬರುವ ಮುಂಚೆ ಉಂಗುರ, ಕಡಗ, ವಾಚ್ ತೆಗೆಸಿ.

6. ಮದ್ದೂರಿನ ಬಳಿ ಕಬ್ಬು ಕಟಾವಿನಲ್ಲಿ ಕಾಲಿಗೆ ಹಾವು ಕಚ್ಚಿದೆ, ಹಾವು ಅಲ್ಲೇ ಇದೆ. ಮೊದಲು?
ಅ) ಹಗ್ಗದಿಂದ ಬಿಗಿಯಾಗಿ ಕಟ್ಟುವುದು
ಆ) ಹಾವು ಹೊಡೆಯುವುದು
ಇ) ಹಾವಿನಿಂದ ದೂರ ಸರಿಯುವುದು
ಈ) ಗಾಯ ಕೊಯ್ದು ರಕ್ತ ಹೀರುವುದು

ಉತ್ತರ: ಇ. ಆಮೇಲೆ ಮಲಗಿಸಿ, ಮುರಿದ ಕಾಲಿಗೆ ಕಟ್ಟುವಂತೆ ದಬ್ಬೆ ಕಟ್ಟಿ, ಅಲುಗಾಡಿಸದೆ ಹೊತ್ತು ವಾಹನಕ್ಕೆ ಸೇರಿಸಿ; ನಡೆಸಬೇಡಿ. ಹೊರಡುವ ಮೊದಲೇ ಫೋನ್ ಮಾಡಿ, ವಿಷನಿರೋಧಕ ಔಷಧ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಿರಿ.